ಬಾಚಿದ ಉಣ್ಣೆಯ ಸೂಟು

ತೊಂಬತ್ತೇಳನೇ ಇಸವಿಯ ಮೇ ತಿಂಗಳಲ್ಲಿ ಮಲ್ಲೇಶ್ವರದ ಸುಂದರಮ್ಮನವರ ಎರಡು ಬೆರಳು ಸೇರಿಕೊಂಡು ಚಾಮರಾಜಪೇಟೆಯ ನನ್ನ ಅಂಗಡಿಗೆ ಬೀಗ ಹಾಕಿಸುವುದರಲ್ಲಿದ್ದವು. ಹೆಬ್ಬೆರಳು ಒಂದು, ತೋರುಬೆರಳು ಒಂದು.

ಆಗ ನನ್ನ ಹೆಸರು ಸಣ್ಣದಾಗಿರಲಿಲ್ಲ. ಆಂಜಿನಯ್ಯ ಕತ್ತರಿ ಎತ್ತಿದರೆ ರಾಮೇಶ್ವರ ದೇವಸ್ಥಾನದ ಗೋಪುರದ ಪಾರಿವಾಳಗಳೆಲ್ಲ ಒಟ್ಟಿಗೆ ಹಾರುತ್ತಿದ್ದವು. ಒಬ್ಬ ವಕೀಲರಿಗೆ ಕೋಟು ಹೊಲಿದು ಕೊಟ್ಟೆ. ಆ ಕೋಟು ಹಾಕಿದ ಮೇಲೆ ಅವರು ಒಂದು ಕೇಸೂ ಸೋಲಲಿಲ್ಲ, ಕೋಟು ಒಗೆಯಲು ಹಾಕಿದ ದಿನ ಮಾತ್ರ ಸೋತರು. ಇದನ್ನು ಯಾರು ಬೇಕಾದರೂ ನಂಬಬಹುದು.

ವಿಷಯ ಏನೆಂದರೆ, ಬಸವನಗುಡಿಯ ಶೀನಣ್ಣ ಮೇಷ್ಟ್ರು ಮಗಳು ಆರಾಧನಾಳ ಮದುವೆ ಇಟ್ಟುಕೊಂಡಿದ್ದರು. ಹುಡುಗ ಮಲ್ಲೇಶ್ವರದ ಮಧುಸೂದನ್. ಅಳಿಯನ ರಿಸೆಪ್ಷನ್ ಸೂಟು ಹೆಣ್ಣಿನ ಕಡೆಯವರು ಕೊಡಬೇಕು, ಅದು ಅವರ ಮನೆಗಳ ಪದ್ಧತಿ. ಸೂಟು ಚೆನ್ನಾಗಿದ್ದರೆ ಯಾರೂ ಮಾತಾಡುವುದಿಲ್ಲ. ಚೆನ್ನಾಗಿಲ್ಲದಿದ್ದರೆ ಹುಡುಗಿ ಮುತ್ತಜ್ಜಿಯಾದ ಮೇಲೂ ಆ ಮಾತು ಕೇಳಬೇಕು. ಅದಕ್ಕೇ ಮೇಷ್ಟ್ರು ಚಿಕ್ಕಪೇಟೆಯ ದೊಡ್ಡ ಅಂಗಡಿಗೆ ಮೂರು ಸಲ ಹೋಗಿ, ಅಪ್ಪಟ ಉಣ್ಣೆಯ ಕಡುನೀಲಿ ಬಟ್ಟೆ ಆರಿಸಿ, ಮಗುವನ್ನು ಎತ್ತಿಕೊಂಡು ಬರುವ ಹಾಗೆ ಎದೆಗವಚಿಕೊಂಡು ನನ್ನ ಅಂಗಡಿಗೆ ತಂದಿದ್ದರು. ಕೈಯಲ್ಲಿ ಹಿಡಿದರೆ ನೀರು ಜಾರಿದ ಹಾಗೆ ಜಾರುತ್ತಿತ್ತು. ಅಂಥ ನುಣುಪು.

ಮದುವೆಗೆ ಎಂಟು ದಿನ ಇರುವಾಗ ಹುಡುಗನನ್ನು ಟ್ರಯಲ್‌ಗೆ ಕರೆದೆ. ಜೊತೆಗೆ ಅವನ ಸೋದರತ್ತೆ ಸುಂದರಮ್ಮನವರೂ ಬಂದರು. ತಾಯಿ ಇಲ್ಲದ ಹುಡುಗನನ್ನು ಸಾಕಿ ಬೆಳೆಸಿದವರು. ಆ ಮನೆಯಲ್ಲಿ ಅವರು ಹೂಂ ಅನ್ನದೆ ಹಾಲು ಉಕ್ಕುವುದಿಲ್ಲ ಅಂತ ಕೇಳಿದ್ದೆ. ಇನ್ನೊಂದು ಕೇಳಿರಲಿಲ್ಲ: ಅವರು ಮೂವತ್ತು ವರ್ಷದಿಂದ ಸ್ವೆಟರ್ ಹೆಣೆಯುವವರು. ಅವರ ಮೈದುನ ಮಿಲಿಟರಿಯಲ್ಲಿದ್ದು, ಬೆಟ್ಟದ ಸೀಮೆಯಿಂದ ಕೈಯಲ್ಲಿ ನೂತ ಉಣ್ಣೆಯನ್ನು ಚೀಲಗಟ್ಟಲೆ ತಂದುಕೊಡುತ್ತಿದ್ದನಂತೆ. ಅದರಲ್ಲಿ ಅವರು ಹೆಣೆದ ಸ್ವೆಟರ್‌ಗಳನ್ನು ಸಾಲಾಗಿ ಹಾಸಿದರೆ ಮಲ್ಲೇಶ್ವರದಿಂದ ಮೆಜೆಸ್ಟಿಕ್ ತನಕ ಕಾಲಿಗೆ ಮಣ್ಣು ತಾಗದೆ ನಡೆಯಬಹುದಿತ್ತು.

ಕೋಟು ಹುಡುಗನ ಭುಜದ ಮೇಲೆ ಕೂತ ಚೆಂದ ನೋಡಿ ಮೇಷ್ಟ್ರ ಕಣ್ಣು ತುಂಬಿತು. ನನಗೂ ಸ್ವಲ್ಪ ಹಾಗೇ ಆಯಿತು. ಸುಂದರಮ್ಮನವರು ಎದ್ದು ಬಂದು ತೋಳಿನ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿದರು. ಮತ್ತೆ ಉಜ್ಜಿದರು. ಕೆನ್ನೆಗೆ ಒತ್ತಿಕೊಂಡು ನೋಡಿದರು.

"ಇದು ಉಣ್ಣೆ ಅಲ್ಲ" ಎಂದರು.

ಅಂಗಡಿಯ ಫ್ಯಾನು ಕೂಡ ಒಂದು ಸುತ್ತು ತಪ್ಪಿಸಿತು.

ಮೇಷ್ಟ್ರು ತೊದಲುತ್ತಾ, ಅಪ್ಪಟ ಉಣ್ಣೆ ಅಂತ ಬಟ್ಟೆಯ ಅಂಚಿನಲ್ಲೇ ನೇಯ್ದಿತ್ತು ಎಂದರು. ನಾನು ಕತ್ತರಿಸಿ ಉಳಿದ ಅಂಚಿನ ಪಟ್ಟಿ ತಂದು ತೋರಿಸಿದೆ. ಸುಂದರಮ್ಮನವರು ಅದನ್ನು ಓದಿ ಮಡಿಸಿ ನನ್ನ ಕೈಗೇ ಕೊಟ್ಟರು. ಅಂಚು ಯಾವ ಬಟ್ಟೆಯದೋ, ಕೋಟು ಯಾವ ಬಟ್ಟೆಯದೋ ಎಂದರು. ಉಣ್ಣೆ ಅಂದಮೇಲೆ ಜುಂಗು ಇರಬೇಕು, ಕೆನ್ನೆಗೆ ಚುಚ್ಚಬೇಕು, ಹಿಡಿದರೆ ಕೈ ಬೆಚ್ಚಗಾಗಬೇಕು. ಇದು ತಣ್ಣಗೆ ಜಾರುತ್ತದೆ, ಟೆರಿಕಾಟಿನ ಹಾಗೆ.

"ನೋಡಪ್ಪ ಆಂಜಿನಯ್ಯ, ನಾನು ಯಾರ ಮೇಲೂ ಸುಮ್ನೆ ಹೇಳೋಳಲ್ಲ. ಒಂದೋ ಬೀಗರಿಗೆ ಅಂಗಡಿಯೋನು ಟೋಪಿ ಹಾಕಿದಾನೆ, ಇಲ್ಲಾ ನೀನು ಬಟ್ಟೆ ಬದಲಾಯಿಸಿದೀಯ. ಎರಡರಲ್ಲಿ ಒಂದು."

"ಅತ್ತೆ, ಹೋಗ್ಲಿ ಬಿಡಿ, ಚೆನ್ನಾಗಿ ಕೂತಿದೆ" ಎಂದ ಮಧುಸೂದನ್.

"ನೀನು ಸುಮ್ನಿರೋ. ನಿನಗೆ ಗೋಣಿಚೀಲ ಹೊದಿಸಿದ್ರೂ ಚೆನ್ನಾಗೇ ಕೂತಿದೆ ಅಂತೀಯ."

ಮೇಷ್ಟ್ರು ನನ್ನ ಮುಖ ನೋಡಿದರು. ಆ ನೋಟವೇ ನನಗೆ ಸೂಜಿ ಚುಚ್ಚಿದ್ದು. ಹದಿನೆಂಟು ವರ್ಷದಿಂದ ನನ್ನ ಹತ್ತಿರ ಹೊಲಿಸಿದವರು, ಒಂದು ಗಳಿಗೆ ಅನುಮಾನಪಟ್ಟರು. ಬಟ್ಟೆ ಕದಿಯುವ ದರ್ಜಿ ಅನ್ನುವ ಮಾತು ಒಂದು ಸಲ ಗಾಂಧಿ ಬಜಾರಿಗೆ ಹೋದರೆ ಮುಗಿಯಿತು, ಸಂಜೆಯೊಳಗೆ ಹೂವಿನವರ ಬಾಯಲ್ಲಿ ಕಟ್ಟಿ ಮೊಳದ ಲೆಕ್ಕದಲ್ಲಿ ಹೋಗುತ್ತದೆ. ನಾಳೆ ಬೆಳಿಗ್ಗೆ ಮಲ್ಲೇಶ್ವರಕ್ಕೆ ಬಂದು ನಿಮ್ಮ ಮನೆಯಲ್ಲೇ ತೋರಿಸುತ್ತೇನೆ, ಇದು ಉಣ್ಣೆ ಅಲ್ಲದಿದ್ದರೆ ಬೋರ್ಡು ಇಳಿಸುತ್ತೇನೆ ಎಂದೆ. ಬಾಯಿಂದ ಬಂದುಬಿಟ್ಟಿತು.

ಬೆಳಿಗ್ಗೆ ಹತ್ತಕ್ಕೆ ಸೂಟನ್ನು ಬಿಳಿ ಪಂಚೆಯಲ್ಲಿ ಸುತ್ತಿ, ಉಳಿದ ತುಂಡು ಬಟ್ಟೆಯನ್ನೂ ಬೆಂಕಿಪೊಟ್ಟಣವನ್ನೂ ಜೇಬಿಗೆ ಹಾಕಿಕೊಂಡು ಹೊರಟೆ. ಆಟೋದಲ್ಲಿ ಮೇಷ್ಟ್ರು ನನ್ನ ಪಕ್ಕ ಕೂತು ಪಂಚೆಯ ಗಂಟನ್ನೇ ನೋಡುತ್ತಿದ್ದರು. ಸುಂದರಮ್ಮನವರ ನಡುಮನೆಯಲ್ಲಿ ಉಣ್ಣೆಯ ಉಂಡೆಗಳು ಬುಟ್ಟಿ ತುಂಬಾ ಇದ್ದವು. ಅವರು ಕುರ್ಚಿಯಲ್ಲಿ ಕೂತು ತೊಡೆಯ ಮೇಲೊಂದು ಬೂದುಬಣ್ಣದ ಸ್ವೆಟರ್ ಹಾಸಿಕೊಂಡು, ಅದರ ಮೇಲೆದ್ದ ಸಣ್ಣ ಸಣ್ಣ ಗುಳ್ಳೆಗಳನ್ನು ಒಂದೊಂದಾಗಿ ಕಿತ್ತು ಬಟ್ಟಲಿಗೆ ಹಾಕುತ್ತಿದ್ದರು. ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ. ಬಟ್ಟಲು ಅರ್ಧ ತುಂಬಿತ್ತು.

ನಾನು ಜಂಬದಿಂದ, ಅಮ್ಮಾ ಬೆಂಕಿ ಸುಳ್ಳು ಹೇಳುವುದಿಲ್ಲ ಎಂದೆ. ಉಣ್ಣೆಯ ಎಳೆ ಉರಿಗೆ ಹಿಡಿದರೆ ಸುರುಟಿಕೊಳ್ಳುತ್ತದೆ, ಉರಿ ತೆಗೆದರೆ ತಾನೇ ಆರುತ್ತದೆ, ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಇಷ್ಟನ್ನೂ ಮೊದಲೇ ವಿವರವಾಗಿ ಹೇಳಿಬಿಟ್ಟೆ. ಹೇಳದೆ ಇದ್ದಿದ್ದರೆ ಒಳ್ಳೆಯದಿತ್ತು.

ಪ್ಯಾಂಟಿನ ಒಳಗಡೆಯಿಂದ ಒಂದು ಎಳೆ ಸರ್ರನೆ ಎಳೆದೆ. ಕಡ್ಡಿ ಗೀರಿದೆ. ಎಳೆ ಕರಗಿತು. ತೊಟ್ಟಿಕ್ಕಿತು. ತುದಿಯಲ್ಲಿ ಕಪ್ಪು ಮಣಿ, ಸಾಸಿವೆ ಕಾಳಿನಷ್ಟು, ಕಬ್ಬಿಣದಷ್ಟು ಗಟ್ಟಿ.

ಸುಂದರಮ್ಮನವರು ಮಣಿಯನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದರು, ಮೇಷ್ಟ್ರಿಗೂ ತೋರಿಸಿದರು. ಮೇಷ್ಟ್ರು ಗೋಡೆ ಹಿಡಿದುಕೊಂಡು ಕೆಳಗೆ ಕೂತರು. ನಾನು ನಿಂತಲ್ಲೇ ಮೂರು ಇಂಚು ಗಿಡ್ಡವಾದೆ; ಅವತ್ತಿನಿಂದ ಇವತ್ತಿನವರೆಗೆ ಅದರಲ್ಲಿ ಒಂದು ಇಂಚು ವಾಪಸ್ ಬಂದಿಲ್ಲ.

"ಬೋರ್ಡು ಇಳಿಸ್ತೀನಿ ಅಂದಿದ್ದೆ" ಎಂದರು ಸುಂದರಮ್ಮನವರು. ಜೋರಾಗಿ ಹೇಳಲಿಲ್ಲ. ಅದೇ ಕಷ್ಟ.

ನಾನು ಕೈಯಲ್ಲಿದ್ದ ಪ್ಯಾಂಟು ನೋಡಿದೆ. ಕಾಲಿನ ತುದಿ ಜೋತುಬಿದ್ದಿತ್ತು. ಮಡಿಸಿ ಹೊಲಿದಿದ್ದ ಕಡೆ ಹೊಲಿಗೆ ಬಿಚ್ಚಿಹೋಗಿತ್ತು. ಅಯ್ಯೋ ಶಿವನೇ, ನಾನು ಎಳೆದದ್ದು ಬಟ್ಟೆಯ ಎಳೆಯನ್ನಲ್ಲ, ನಾನೇ ಹೊಲಿದ ದಾರವನ್ನು. ಮೂವತ್ತು ವರ್ಷದ ದರ್ಜಿ, ಪಾಲಿಯೆಸ್ಟರ್ ದಾರ ಸುಟ್ಟು ಅದು ಪಾಲಿಯೆಸ್ಟರ್ ಅಂತ ಸಾಬೀತು ಮಾಡಿ ತೋರಿಸಿದ್ದೆ.

ಹೇಳಿದರೆ ಅವರು ನಗಲಿಲ್ಲ. ಈಗ ಬೇರೆ ಎಳೆ ತೆಗೆದು ಬೇರೆ ಆಟ ಕಟ್ಟುತ್ತೀಯ ಎಂದರು. ಆಗ ನನಗೆ ಒಳ್ಳೆಯ ಬುದ್ಧಿ ಬಂತು. ಪ್ಯಾಂಟನ್ನು ಅವರ ತೊಡೆಯ ಮೇಲಿಟ್ಟು ಕೈ ಕಟ್ಟಿ ದೂರ ನಿಂತೆ.

"ನಾನು ಮುಟ್ಟಲ್ಲ ತಾಯಿ. ಬಟ್ಟೆ ಒಳಗಿರೋ ಎಳೆ, ಎಲ್ಲಿಂದ ಬೇಕಾದ್ರೂ ನೀವೇ ತೆಗೀರಿ. ನೀವೇ ಸುಡಿ. ನಿಮ್ಮ ಸ್ವೆಟರಿಂದೂ ಒಂದು ಸುಡಿ."

ಸುಂದರಮ್ಮನವರು ಕನ್ನಡಕ ಏರಿಸಿ, ಹೆಣಿಗೆ ಕಡ್ಡಿಯ ತುದಿಯಿಂದ ಒಳಮಡಿಕೆಯ ಬಟ್ಟೆಯ ಅಂಚು ಬಿಡಿಸಿ, ನೇಯ್ಗೆಯೊಳಗಿನ ನಾಲ್ಕು ಎಳೆ ತೆಗೆದರು. ಸ್ವೆಟರಿನದು ಬುಟ್ಟಿಯಲ್ಲೇ ಇತ್ತು. ದೇವರ ಮುಂದಿನ ದೀಪದ ಕಡೆ ಹೊರಟವರು ಏನೋ ನೆನಪಾಗಿ ಅಡಿಗೆಮನೆಗೆ ಹೋದರು. ಕೂದಲು ವಾಸನೆ ದೇವರಿಗೆ ಯಾಕೆ. ಒಲೆಯ ಹತ್ತಿರ ಎರಡನ್ನೂ ಹಿಡಿದರು. ಎರಡೂ ಸುರುಟಿದವು. ಎರಡೂ ಆರಿದವು. ಒಂದೇ ವಾಸನೆ ಮನೆಯೆಲ್ಲ ತುಂಬಿ, ಪಕ್ಕದ ಮನೆಯವರು ಯಾರ ಜಡೆಗೆ ಬೆಂಕಿ ಬಿತ್ತು ಅಂತ ಕಿಟಕಿಗೆ ಬಂದರು. ಬೂದಿ ಎರಡೂ ಪುಡಿಯಾದವು.

ಅವರು ಬೆರಳಿನ ಕಪ್ಪನ್ನು ಮತ್ತೆ ಮತ್ತೆ ಉಜ್ಜಿ ನೋಡಿದರು. ಮೇಷ್ಟ್ರು ಗೋಡೆ ಬಿಟ್ಟು ಎದ್ದರು.

"ಉಣ್ಣೇನೇ" ಎಂದರು ಸುಂದರಮ್ಮನವರು ಕೊನೆಗೆ. ಆದರೆ ಸೋತವರ ಹಾಗೆ ಅಲ್ಲ, ಮೋಸ ಹೋದವರ ಹಾಗೆ. "ಹಾಗಾದ್ರೆ ನನ್ನ ಬೆರಳು ಸುಳ್ಳಾ? ಮೂವತ್ತು ವರ್ಷದ ಬೆರಳು?"

ಇಲ್ಲಿ ನಾನು ಗೆದ್ದೆ ಅಂತ ಸೂಟು ಎತ್ತಿಕೊಂಡು ಹೊರಟಿದ್ದರೆ ನನ್ನಷ್ಟು ದಡ್ಡ ಇನ್ನೊಬ್ಬನಿಲ್ಲ. ಅವರ ಮನಸ್ಸಿನಲ್ಲಿ ಮುಳ್ಳು ಉಳಿದರೆ ಒಂದು ವಾರ ಬಿಟ್ಟು ಛತ್ರದಲ್ಲಿ ಅದೇ ಮುಳ್ಳು ಮೇಷ್ಟ್ರಿಗೆ ಚುಚ್ಚುತ್ತಿತ್ತು. ಅದಕ್ಕೇ ಕೂತೆ. ಕಂಟೋನ್ಮೆಂಟಿನಲ್ಲಿ ನನಗೆ ಕೆಲಸ ಕಲಿಸಿದ ದೊಡ್ಡಬೈರಪ್ಪ ಮಾಸ್ಟರ್ ಒಂದು ಮಾತು ಹೇಳುತ್ತಿದ್ದರು, ಉಣ್ಣೆ ಒಂದೇ, ದಾರ ಎರಡು ಅಂತ. ಅದನ್ನು ಅವರ ಬೆರಳಿಗೇ ತೋರಿಸಬೇಕಿತ್ತು.

ಅವರ ಉಣ್ಣೆದಾರ ಒಂದು ಗೇಣು, ಸೂಟಿನ ಎಳೆ ಒಂದು ಗೇಣು ಬಿಳಿ ಪಂಚೆಯ ಮೇಲಿಟ್ಟು ಹುರಿ ಬಿಚ್ಚಿ ಎಂದೆ. ಅವರ ದಾರ ಎರಡೇ ತಿರುವಿಗೆ ಬಿಚ್ಚಿಕೊಂಡಿತು. ಒಳಗೆಲ್ಲ ಗಿಡ್ಡ ಗಿಡ್ಡ ಕೂದಲು, ಒಂದು ಉದ್ದ, ಒಂದು ಅಡ್ಡ, ಒಂದು ಸೊಟ್ಟ. ಹಾಸಿಗೆಗೆ ಹಿಂಜಿದ ಹತ್ತಿಯ ಹಾಗೆ. ಸೂಟಿನ ಎಳೆ ಸುಲಭಕ್ಕೆ ಬಿಚ್ಚಲಿಲ್ಲ, ಅಷ್ಟು ಬಿಗಿ. ಬಿಚ್ಚಿದಾಗ ಉದ್ದುದ್ದ ಕೂದಲು, ಎಲ್ಲವೂ ಒಂದೇ ದಿಕ್ಕಿಗೆ ಮಲಗಿದ್ದವು. ಒಂದೂ ಪಕ್ಕದ್ದನ್ನು ದಾಟಿರಲಿಲ್ಲ.

"ಇದನ್ನ ಬಾಚಿದಾರೆ" ಎಂದರು ಸುಂದರಮ್ಮನವರು. ನಾನು ಹೇಳಲಿಲ್ಲ, ಅವರೇ ಹೇಳಿದರು.

ಅಷ್ಟೇ ಅಮ್ಮಾ ವಿಷಯ ಎಂದೆ. ನಿಮ್ಮದು ಹಿಂಜಿ ನೂತ ಉಣ್ಣೆ, ಮಿಲ್ಲಿನವರು ವುಲನ್ ದಾರ ಅನ್ನುತ್ತಾರೆ. ಇದು ಬಾಚಿ, ಗಿಡ್ಡ ಕೂದಲನ್ನೆಲ್ಲ ಬಾಚಣಿಗೆಯಲ್ಲೇ ತೆಗೆದುಹಾಕಿ, ಉದ್ದದ್ದನ್ನು ಮಾತ್ರ ಬಿಗಿಯಾಗಿ ಹುರಿ ಹಾಕಿದ್ದು. ಇದಕ್ಕೆ ವರ್ಸ್ಟೆಡ್ ಅಂತ ಹೆಸರು. ಎಣ್ಣೆ ಹಾಕಿ ಬಾಚಿ ಹೆಣೆದ ಜಡೆ ಜಾರುತ್ತದೆ, ಎದ್ದ ತಕ್ಷಣದ ಕೆದರಿದ ತಲೆ ಚುಚ್ಚುತ್ತದೆ. ತಲೆ ಮಾತ್ರ ಒಂದೇ. ನಿಮ್ಮ ಬೆರಳು ಸುಳ್ಳು ಹೇಳಲಿಲ್ಲ, ಅದು ಇಷ್ಟು ದಿನ ಕೆದರಿದ ತಲೆಯನ್ನೇ ಸವರಿತ್ತು.

ಮಧುಸೂದನ್ ಬಾಗಿಲ ಹತ್ತಿರ ಕೆಮ್ಮಿದ. ಅತ್ತೆ ಅವನ ಕಡೆ ನೋಡಲಿಲ್ಲ. ಅವರಿಗೆ ಈಗ ಬೇರೆ ಸಿಟ್ಟು ಬಂದಿತ್ತು.

"ಬಾಚಿ ನುಣ್ಣಗೆ ಮಾಡಿ ಏನಪ್ಪಾ ಬಂತು? ಬೆಚ್ಚಗಿರೋದು ಯಾವ್ದು, ಅದು ಹೇಳು."

ಮುಚ್ಚಳವಿರುವ ಎರಡು ಲೋಟಗಳಲ್ಲಿ ಬಿಸಿ ಕಾಫಿ ಹಾಕಿಸಿದರು. ಒಂದಕ್ಕೆ ಸ್ವೆಟರನ್ನು ಎರಡು ಸುತ್ತು, ಇನ್ನೊಂದಕ್ಕೆ ನನ್ನ ಜೇಬಿನಲ್ಲಿದ್ದ ಸೂಟಿನ ತುಂಡು ಬಟ್ಟೆಯನ್ನು ಎರಡು ಸುತ್ತು ಸುತ್ತಿ ಮುಕ್ಕಾಲು ಗಂಟೆ ಇಟ್ಟರು. ಆಮೇಲೆ ಕುಡಿದು ನೋಡಿದರು. ಸೂಟಿನದು ಉಗುರುಬೆಚ್ಚಗಾಗಿತ್ತು. ಸ್ವೆಟರಿನದು ಇನ್ನೂ ಊದಿ ಕುಡಿಯುವ ಹಾಗಿತ್ತು. ಸುಂದರಮ್ಮನವರ ಮುಖದಲ್ಲಿ ಬೆಳಕು ಬಂದದ್ದು ನೋಡಬೇಕಿತ್ತು, ಬೀದಿ ದೀಪದವರು ನೋಡಿದ್ದರೆ ಆ ರಸ್ತೆಗೆ ಕಂಬ ಬೇಡ ಅನ್ನುತ್ತಿದ್ದರು.

ನಾನು ಕೈ ಮುಗಿದೆ. ಇದರಲ್ಲಿ ನೀವೇ ಗೆದ್ದಿರಿ ಎಂದೆ. ಅಡ್ಡಾದಿಡ್ಡಿ ಕೂದಲ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ, ಆ ಗಾಳಿಯೇ ಬಿಸಿಯನ್ನು ಹೊರಗೆ ಬಿಡುವುದಿಲ್ಲ. ಬಾಚಿದ್ದರಲ್ಲಿ ಗಾಳಿಗೆ ಜಾಗವೇ ಕಡಿಮೆ, ಬಟ್ಟೆಯೂ ತೆಳು. ಡಿಸೆಂಬರ್ ಬೆಳಿಗ್ಗೆ ಸ್ಯಾಂಕಿ ಕೆರೆ ಸುತ್ತುವವರಿಗೆ ನಿಮ್ಮ ಸ್ವೆಟರಿನ ಮುಂದೆ ನನ್ನ ಕೋಟು ಸೊನ್ನೆ. ಆದರೆ ಇದು ಮೇ ತಿಂಗಳು. ಛತ್ರದಲ್ಲಿ ಆರುನೂರು ಜನ, ಮುಖದ ಮೇಲೆ ವಿಡಿಯೋದವನ ಲೈಟು. ನಿಮ್ಮ ಉಣ್ಣೆಯಲ್ಲಿ ಸೂಟು ಹೊಲಿದರೆ ಹುಡುಗ ಅಲ್ಲೇ ಇಡ್ಲಿಯ ಹಾಗೆ ಬೇಯುತ್ತಾನೆ, ಊಟಕ್ಕೆ ಬಡಿಸಬಹುದು.

ಮೊದಲ ಸಲ ಅವರು ನಕ್ಕರು. ಮೇಷ್ಟ್ರು ನಗಲು ಧೈರ್ಯ ಮಾಡಲಿಲ್ಲ.

ಆಮೇಲೆ ಅವರ ಕಣ್ಣು ಗುಳ್ಳೆಯ ಬಟ್ಟಲಿನ ಮೇಲೆ ಹೋಯಿತು. ನಾನು ಕಾಯುತ್ತಿದ್ದದ್ದೂ ಅದಕ್ಕೇ. ನೀವು ಕೇಳದೆ ನಾನು ಹೇಳುವ ಹಾಗಿಲ್ಲ ಎಂದೆ. ಅವರು ಕೇಳದೆ ಇರಲಿಲ್ಲ. ಮೂವತ್ತು ವರ್ಷದಿಂದ ಯಾರಿಗೆ ಹೆಣೆದು ಕೊಟ್ಟರೂ ಒಂದು ಚಳಿಗಾಲ ಮುಗಿಯುವ ಮುಂಚೆ ಕಂಕುಳಲ್ಲಿ, ಪಕ್ಕೆಯಲ್ಲಿ ಗುಳ್ಳೆ ಏಳುತ್ತದೆ. ಜನ ಉಣ್ಣೆ ಚೆನ್ನಾಗಿಲ್ಲ ಅನ್ನುತ್ತಾರೆ. ಅದಕ್ಕೇ ನಾನು ಊರವರ ಸ್ವೆಟರೆಲ್ಲ ವಾಪಸ್ ತರಿಸಿಕೊಂಡು ಗುಳ್ಳೆ ಕೀಳುತ್ತಾ ಕೂರುತ್ತೇನೆ ಎಂದರು. ಉಣ್ಣೆಯದ್ದು ತಪ್ಪಲ್ಲ ತಾಯಿ, ಗಿಡ್ಡ ಕೂದಲಿನ ತುದಿಗಳನ್ನು ಸಡಿಲ ಹುರಿ ಹಿಡಿದುಕೊಳ್ಳುವುದಿಲ್ಲ, ಅವು ಹೊರಗೆ ಬರುತ್ತವೆ, ಉಜ್ಜಿದ ಕಡೆ ಒಂದಕ್ಕೊಂದು ಸುತ್ತಿಕೊಂಡು ಗುಳ್ಳೆ ಕಟ್ಟುತ್ತವೆ ಎಂದೆ.

"ಇದರಲ್ಲಿ ಏಳಲ್ವಾ?"

"ಏಳೋದು ತೀರಾ ಕಮ್ಮಿ. ಉಜ್ಜಿ ನೋಡಿ."

ಸೂಟಿನ ತುಂಡು ಬಟ್ಟೆಯನ್ನು ಒಂದು ಮೊಣಕಾಲಿಗೆ, ಸ್ವೆಟರಿನ ಹೆಣಿಗೆಯ ಒಂದು ತುಂಡನ್ನು ಇನ್ನೊಂದಕ್ಕೆ ಕಟ್ಟಿಕೊಂಡು ಗೋಣಿತಾಟಿನ ತುಂಡಿನಿಂದ ಉಜ್ಜಲು ಕೂತರು. ಮುನ್ನೂರಕ್ಕೆ ಸ್ವೆಟರಿನ ಮೇಲೆ ಸಾಬಕ್ಕಿ ಕಾಳು ಎದ್ದವು. ಸೂಟಿನ ಬಟ್ಟೆ ಹಾಗೇ ಇತ್ತು. ಐನೂರು ಉಜ್ಜಿದರು. ಕೈ ಸೋತಾಗ ಮಧುಸೂದನ್‌ಗೆ ಉಜ್ಜಲು ಹೇಳಿದರು, ಅವನು ಸೋತಾಗ ಮೇಷ್ಟ್ರಿಗೆ. ಬೀಗರಿಂದ ಗೋಣಿತಾಟು ಉಜ್ಜಿಸಿದ ಮನೆ ಮಲ್ಲೇಶ್ವರದಲ್ಲಿ ಅದೊಂದೇ ಇರಬೇಕು. ಸಾವಿರದ ಹೊತ್ತಿಗೆ ನನ್ನ ತುಂಡಿನ ಮೇಲೆ ಗುಳ್ಳೆ ಇರಲಿಲ್ಲ, ಒಂದಿಷ್ಟು ಹೊಳಪು ಬಂದಿತ್ತು.

ಅವರು ಬಿಡುವವರಾ. ಇದೇನು ಎಂದು ಕೇಳಿದರು. ಅದು ಇದರ ದೋಷ ಅಂತ ಒಪ್ಪಿಕೊಂಡೆ. ನುಣುಪು ಬಟ್ಟೆ ವರ್ಷಗಟ್ಟಲೆ ಕೂತು ಎದ್ದರೆ ಹಿಂದುಗಡೆ ಕನ್ನಡಿಯಾಗುತ್ತದೆ. ನನ್ನ ಗಿರಾಕಿಯೊಬ್ಬರು ಕಚೇರಿಯ ಗುಮಾಸ್ತರು, ಅವರ ಹಿಂದೆ ನಿಂತವರು ಕ್ರಾಪು ಬಾಚಿಕೊಳ್ಳುತ್ತಿದ್ದರು ಎಂದೆ.

ಸುಂದರಮ್ಮನವರು ಎರಡು ತುಂಡನ್ನೂ ಬಿಚ್ಚಿ ಬುಟ್ಟಿಯ ಪಕ್ಕ ಇಟ್ಟರು. ಆಮೇಲೆ ಎದ್ದು, ಮೇಷ್ಟ್ರ ಮುಂದೆ ನಿಂತರು.

"ಶೀನಣ್ಣನವರೇ, ನಿನ್ನೆ ನಾನು ಆಡಿದ ಮಾತು ತಪ್ಪು. ನೀವು ಕೊಟ್ಟಿರೋದು ಅಪ್ಪಟ ಉಣ್ಣೆ. ಇದನ್ನ ನಾನು ನಿಮಗೆ ಮನೇಲಿ ಹೇಳಿದ್ರೆ ಸಾಲದು. ನಿನ್ನೆ ಅಂದಿದ್ದು ಅಂಗಡೀಲಿ, ನಾಲ್ಕು ಜನ ಕೇಳಿಸ್ಕೊಂಡಿದಾರೆ. ಛತ್ರದಲ್ಲಿ ಹೇಳ್ತೀನಿ."

ಮೇಷ್ಟ್ರು ಅದೇನೂ ಬೇಡ ಅಂದರು. ಯಾರು ಕೇಳುತ್ತಾರೆ.

ಮದುವೆಗೆ ಉಳಿದಿದ್ದ ಆ ಒಂದು ವಾರದಲ್ಲಿ ಬಳೇಪೇಟೆಯ ಒಂದು ಗಲ್ಲಿಯಿಂದ ಹೆಣಿಗೆಗೆ ಬರುವ ಬಾಚಿದ ಉಣ್ಣೆದಾರ ಹುಡುಕಿಸಿ ತರಿಸಿಕೊಟ್ಟೆ. ಅದರಲ್ಲಿ ಅವರು ಒಂದು ತೋಳಿಲ್ಲದ ಸ್ವೆಟರ್ ಶುರುಮಾಡಿದರು. ಜಡೆಯ ವಿನ್ಯಾಸ ಕಲ್ಲಿನಲ್ಲಿ ಕೆತ್ತಿದ ಹಾಗೆ ಎದ್ದು ಕಾಣುತ್ತದೆ ಕಣಯ್ಯ, ಆದರೆ ಚಳಿಗೆ ನನ್ನದೇ ಮೇಲು ಅಂತ ಹೇಳಿ ಕಳಿಸಿದರು. ನಾನು ಒಪ್ಪಿದೆ. ನಿಜವನ್ನು ಒಪ್ಪದೆ ಏನು ಮಾಡುವುದು.

ರಿಸೆಪ್ಷನ್ ದಿನ ಕಡುನೀಲಿ ಸೂಟಿನಲ್ಲಿ ಮಧುಸೂದನ್ ನಿಂತಿದ್ದ. ಪ್ಯಾಂಟಿನ ಇಸ್ತ್ರಿಯ ಗೆರೆಯಿಂದ ಬೆಂಡೆಕಾಯಿ ಹೆಚ್ಚಬಹುದಿತ್ತು. ಪಕ್ಕದಲ್ಲಿ ಆರಾಧನಾ. ಅವರ ಮುಂದೆ, ಫೋಟೋದವನಿಗೂ ಅಡ್ಡವಾಗಿ, ಸುಂದರಮ್ಮನವರು. ಉಡುಗೊರೆ ಕೊಡಲು ಬಂದವರೆಲ್ಲರ ಕೈ ಹಿಡಿದು ಮೊದಲು ಹುಡುಗನ ತೋಳಿಗೆ ಹಚ್ಚುತ್ತಿದ್ದರು. ಮುಟ್ಟಿ ನೋಡಿ, ಬೀಗರು ಕೊಟ್ಟಿದ್ದು, ಬಾಚಿದ ಉಣ್ಣೆ, ಚುಚ್ಚದಿದ್ದರೆ ಉಣ್ಣೆ ಅಲ್ಲ ಅಂದುಕೊಳ್ಳಬೇಡಿ, ನಾನೂ ಹಾಗೇ ಅಂದುಕೊಂಡಿದ್ದೆ ಎನ್ನುತ್ತಿದ್ದರು. ಬಂದವರು ಉಜ್ಜಿ ನೋಡಿ ಹೌದು ಹೌದು ಅನ್ನುತ್ತಿದ್ದರು. ಕೆಲವರು ಎರಡನೇ ಸಲ ಸಾಲಿಗೆ ನಿಂತರು. ಮೇಷ್ಟ್ರು ಛತ್ರದ ಬಾಗಿಲಲ್ಲಿ ಪನ್ನೀರು ಚಿಮುಕಿಸುತ್ತಾ, ಯಾವುದೋ ಮಹಾರಾಜರ ಹಾಗೆ ಎದೆ ಮುಂದೆ ಮಾಡಿ ನಿಂತಿದ್ದರು.

ನಾನು ಊಟದ ಎಲೆ ಮುಂದೆ ಕೂತಿದ್ದೆ. ಹೋಳಿಗೆ ಬಡಿಸುವವನ ಹಿಂದೆಯೇ ಸುಂದರಮ್ಮನವರು ಮದುಮಗನನ್ನು ಕೈ ಹಿಡಿದು ಎಳೆದುಕೊಂಡು ಬಂದರು. ನನ್ನ ಎಲೆಯ ಮುಂದೆ ನಿಲ್ಲಿಸಿ, ಅವನ ಬಲತೋಳನ್ನು ಬಲ್ಬಿನ ಬೆಳಕಿಗೆ ಎತ್ತಿ, ಕನ್ನಡಕ ಏರಿಸಿ, ಭುಜದಿಂದ ಮಣಿಕಟ್ಟಿನವರೆಗೆ ಅಕ್ಕಿ ಆರಿಸುವ ಕಣ್ಣಿನಿಂದ ನೋಡಿದರು. ಪಂಕ್ತಿಯಲ್ಲಿದ್ದವರೆಲ್ಲ ತುತ್ತು ನಿಲ್ಲಿಸಿ ಕಾದರು.

"ಆರುನೂರು ಜನ ಉಜ್ಜಿದಾರೆ ಆಂಜಿನಯ್ಯ" ಎಂದರು ಎಲ್ಲರಿಗೂ ಕೇಳುವ ಹಾಗೆ. "ಒಂದೇ ಒಂದು ಗುಳ್ಳೆ ಎದ್ದಿಲ್ಲ."

ಬಡಿಸುವವನಿಗೆ, ಇವರಿಗೆ ಇನ್ನೆರಡು ಹೋಳಿಗೆ ಹಾಕಪ್ಪ, ತುಪ್ಪ ಕೈ ಬಿಚ್ಚಿ ಹಾಕು ಎಂದು ಹೇಳಿ ಹುಡುಗನನ್ನು ವಾಪಸ್ ಎಳೆದುಕೊಂಡು ಹೋದರು. ಇನ್ನೂ ಮುಟ್ಟಿ ನೋಡದ ಜನ ಸಾಲಿನಲ್ಲಿದ್ದರು.